ಅರವತ್ತೊಂದನೆಯ ದಿನದ ಅರ್ಜಿ

ನಾನು ದಕ್ಷಿಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಸಹಾಯಕ ಕಾನೂನು ನೆರವು ಅಭಿರಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದ ಆರೋಪಿಗಳ ಪರವಾಗಿ ಕ್ರಿಮಿನಲ್ ಮೊಕದ್ದಮೆ ನಡೆಸುವುದಷ್ಟೇ ನಮ್ಮ ಕಚೇರಿಯ ಕೆಲಸ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2022ರಲ್ಲಿ ಈ ವ್ಯವಸ್ಥೆಯನ್ನು ರೂಪಿಸಿತು. ಅದಕ್ಕೂ ಮೊದಲು ಪ್ಯಾನೆಲ್‌ನಲ್ಲಿರುವ ವಕೀಲರು ತಮ್ಮ ಖಾಸಗಿ ಕೇಸುಗಳ ನಡುವೆ ಒಂದೊಂದು ಉಚಿತ ಕೇಸನ್ನು ನೋಡಿಕೊಳ್ಳುತ್ತಿದ್ದರು. ಈಗ ನಾವು ಪೂರ್ಣಾವಧಿಯವರು, ಖಾಸಗಿ ವಕಾಲತ್ತು ಹಾಕುವಂತಿಲ್ಲ. ಇಲ್ಲಿ ಒಬ್ಬ ಆರೋಪಿಯ ಪ್ರಕರಣವನ್ನು, ಅವನ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಅದು ದೊಡ್ಡ ಪ್ರಕರಣವಲ್ಲ, ಪತ್ರಿಕೆಯಲ್ಲಿ ಒಂದು ಸಾಲೂ ಬಂದಿಲ್ಲ. ಆದರೆ ಪ್ರತಿವಾದದ ಹಕ್ಕು ಎಂಬುದು ಎಲ್ಲಿ ಉಳಿಯುತ್ತದೆ, ಎಲ್ಲಿ ಕೈ ತಪ್ಪುತ್ತದೆ ಎಂಬುದನ್ನು ಯಾವ ತೀರ್ಪಿಗಿಂತಲೂ ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟದ್ದು ಅದೇ.

ಅವನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವನು, ವಯಸ್ಸು 23, ನಮ್ಮ ಊರಿಗೆ ಗಾರೆ ಕೆಲಸಕ್ಕೆ ಬಂದವನು. ಕಟ್ಟಡ ನಿರ್ಮಾಣದ ಗೋದಾಮೊಂದರಿಂದ 18 ಕಿಲೊ ತಾಮ್ರದ ತಂತಿ ಕದ್ದಿದ್ದಾನೆ ಎಂಬುದು ಅವನ ಮೇಲಿನ ಆರೋಪ. ಪೊಲೀಸರು ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಂ. ಸ್ವತ್ತನ್ನು ಇಡಲು ಬಳಸುವ ಕಟ್ಟಡದಿಂದ ಮಾಡಿದ ಕಳವಿಗೆ ಅದರಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. 2025ರ ಫೆಬ್ರವರಿ 1ರ ಸಂಜೆ ಅವನನ್ನು ದಸ್ತಗಿರಿ ಮಾಡಿ, ಮರುದಿನ ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ದು ಹಾಜರುಪಡಿಸಿ, ಅಲ್ಲಿಂದ ನ್ಯಾಯಾಂಗ ಬಂಧನಕ್ಕೆ ಕಳುಹಿಸಿದರು.

ಆ ಭಾನುವಾರ ನಮ್ಮ ಕಚೇರಿಯ ಯಾರೂ ಅಲ್ಲಿರಲಿಲ್ಲ. ರಿಮ್ಯಾಂಡ್ ಕರ್ತವ್ಯದ ಪಟ್ಟಿಯಲ್ಲಿ ಒಬ್ಬರ ಹೆಸರಿತ್ತು, ಆದರೆ ಅವರಿಗೆ ಕರೆ ಹೋಗಲೇ ಇಲ್ಲ. ಆರ್ಡರ್ ಶೀಟಿನಲ್ಲಿ ಮಾತ್ರ ಎಲ್ಲವೂ ಕ್ರಮಬದ್ಧವಾಗಿತ್ತು: 'ಉಚಿತ ಕಾನೂನು ನೆರವಿನ ಬಗ್ಗೆ ಆರೋಪಿಗೆ ತಿಳಿಸಲಾಯಿತು, ಸ್ವಂತ ವಕೀಲರನ್ನು ನೇಮಿಸಿಕೊಳ್ಳುವುದಾಗಿ ಹೇಳಿದ್ದಾನೆ.' ಅವನು ನಿಜವಾಗಿ ಏನು ಹೇಳಿದ್ದ ಎಂಬುದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. 'ವಕೀಲರನ್ನ ಇಟ್ಕೋತೀಯೇನಪ್ಪ' ಎಂದು ಕೇಳಿದಾಗ ಅವನಿಗೆ ಅದು ಕೈಯಲ್ಲಿ ದುಡ್ಡಿದೆಯೇ ಎಂಬ ಪ್ರಶ್ನೆಯಾಗಿ ಕೇಳಿಸಿತ್ತು. ಇಲ್ಲವೆಂದರೆ ಏನಾಗುತ್ತದೋ ಎಂದು ಹೆದರಿ, 'ನೋಡ್ತೀನ್ರೀ ಸಾಹೇಬ್ರ' ಎಂದಿದ್ದ. ಆ 'ನೋಡ್ತೀನಿ' ಕಾಗದದ ಮೇಲೆ 'ನೇಮಿಸಿಕೊಳ್ಳುತ್ತೇನೆ' ಎಂದಾಯಿತು.

ಭಾಗಲ್ಪುರದಲ್ಲಿ ಕೈದಿಗಳನ್ನು ಕುರುಡರನ್ನಾಗಿಸಿದ ಪ್ರಕರಣದಲ್ಲಿ, ಅಂದರೆ ಖತ್ರಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದ ಮಾತೊಂದಿದೆ: ಬಡ ಆರೋಪಿಗೆ ವಕೀಲರನ್ನು ಒದಗಿಸುವ ಹೊಣೆ ವಿಚಾರಣೆ ಆರಂಭವಾದ ಮೇಲೆ ಹುಟ್ಟುವುದಲ್ಲ, ಅವನನ್ನು ಮೊದಲ ಬಾರಿಗೆ ಮ್ಯಾಜಿಸ್ಟ್ರೇಟರ ಮುಂದೆ ತಂದ ಕ್ಷಣದಲ್ಲೇ ಹುಟ್ಟುತ್ತದೆ. ಆ ಮಾತಿನ ಅರ್ಥ ಈ ಹುಡುಗನ ಕೇಸಿನಲ್ಲಿ ನನಗೆ ತಟ್ಟಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಸುಮ್ಮನೆ ದಸ್ತಗಿರಿ ಮಾಡುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಕಲಮಿನಂತೆ ದಸ್ತಗಿರಿ ಏಕೆ ಅಗತ್ಯ ಎಂಬ ಕಾರಣಗಳನ್ನು ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ನೋಟಿಸು ಕೊಟ್ಟರೆ ಸಾಕು. ಭಾನುವಾರ ಒಬ್ಬ ವಕೀಲರು ಪಕ್ಕದಲ್ಲಿ ನಿಂತು 'ಕಾರಣಗಳೆಲ್ಲಿ' ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ, ಅವನು ಬಹುಶಃ ಅಂದೇ ಮನೆಗೆ ಹೋಗುತ್ತಿದ್ದ. ಕಡತದಲ್ಲಿದ್ದ ಕಾರಣಪಟ್ಟಿಯನ್ನು ಆಮೇಲೆ ನೋಡಿದೆ. ಅಚ್ಚಾದ ನಮೂನೆ, ಐದು ಕಾರಣಗಳು, ಐದಕ್ಕೂ ಟಿಕ್ ಗುರುತು. ಅವನ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ನಾನು ಅವನನ್ನು ಮೊದಲು ಕಂಡದ್ದು ಮಾರ್ಚ್ 15ರ ಶನಿವಾರ, ಜೈಲಿನ ಕಾನೂನು ನೆರವು ಕೇಂದ್ರದಲ್ಲಿ. ಒಂದು ಮೇಜು, ಎರಡು ಕುರ್ಚಿ, ಒಂದು ರಿಜಿಸ್ಟರ್ ಇರುವ ಕೋಣೆ ಅದು. ಅರೆ ಕಾನೂನು ಸ್ವಯಂಸೇವಕನಾಗಿ ತರಬೇತಿ ಪಡೆದಿದ್ದ ಹಿರಿಯ ಕೈದಿಯೊಬ್ಬರು, 'ಇವನಿಗೆ ಯಾರೂ ಬಂದಿಲ್ಲ ಮೇಡಂ, ಹೆಸರೂ ಕೊಟ್ಟಿಲ್ಲ' ಎಂದು ಅವನನ್ನು ಕೈಹಿಡಿದು ಕರೆತಂದರು. ನಾನು ನನ್ನ ಪರಿಚಯ ಹೇಳಿಕೊಂಡೆ. ಅವನು ತಲೆಯೆತ್ತಲಿಲ್ಲ. ತುಂಬ ಹೊತ್ತಿನ ಮೇಲೆ ಕೇಳಿದ, 'ನೀವು ಸರ್ಕಾರದ ವಕೀಲರು ಅಲ್ಲೇನ್ರೀ? ನಿಮಗ ಹೇಳಿದ್ದು ಪೊಲೀಸ್ನೋರಿಗೆ ಗೊತ್ತಾಗಂಗಿಲ್ಲೇನ್ರೀ?'

ಈ ಪ್ರಶ್ನೆ ನಮ್ಮ ಕೆಲಸದ ಅತಿ ದೊಡ್ಡ ತೊಡಕು. ಕನ್ನಡದಲ್ಲಿ ಸರ್ಕಾರಿ ವಕೀಲರೆಂದರೆ ಪ್ರಾಸಿಕ್ಯೂಟರು, ಅಂದರೆ ಆರೋಪಿಗೆ ಶಿಕ್ಷೆಯಾಗಬೇಕೆಂದು ವಾದಿಸುವವರು. ಉಚಿತವಾಗಿ ಸಿಗುವ ವಕೀಲರಿಗೂ ಸಂಬಳ ಬರುವುದು ಸರ್ಕಾರದಿಂದಲೇ ಎಂದು ಕೇಳಿದ ಕೂಡಲೇ ಜನರಿಗೆ ಇಬ್ಬರೂ ಒಂದೇ ಆಗಿಬಿಡುತ್ತಾರೆ. ಹೀಗಾಗಿ ಮೊದಲ ಭೇಟಿಯಲ್ಲಿ ನಾನು ಕೇಸಿನ ಮಾತನ್ನು ಎತ್ತುವುದಿಲ್ಲ. ಅವನು ನನಗೆ ಹೇಳಿದ್ದು ನನ್ನಲ್ಲೇ ಉಳಿಯುತ್ತದೆ, ನ್ಯಾಯಾಧೀಶರೂ ಅದನ್ನು ನನ್ನಿಂದ ಕೇಳುವಂತಿಲ್ಲ ಎಂಬುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಅವನಿಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇತ್ತು. ಉಚಿತ ವಕೀಲರು ಬೇಕಾದರೆ ತಹಶೀಲ್ದಾರರಿಂದ ಆದಾಯ ಪ್ರಮಾಣಪತ್ರ ತರಬೇಕು ಎಂದು ಬ್ಯಾರಕ್ಕಿನಲ್ಲಿ ಯಾರೋ ಹೇಳಿದ್ದರು. ಅದು ಸುಳ್ಳು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಂ ಬಂಧನದಲ್ಲಿರುವ ವ್ಯಕ್ತಿಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಜೈಲಿನಲ್ಲಿದ್ದಾನೆ ಎಂಬುದೇ ಅರ್ಹತೆ, ಆದಾಯದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅದೇ ಮಾತು ಅನ್ವಯಿಸುತ್ತದೆ. ಅಂದು ಜೈಲು ಅಧೀಕ್ಷಕರ ಎದುರು ಅವನು ವಕಾಲತ್ತಿಗೆ ಸಹಿ ಹಾಕಿದ. ಎಂಟನೆಯ ತರಗತಿಯವರೆಗೆ ಓದಿದ್ದವನು, ಒಂದೊಂದೇ ಅಕ್ಷರವನ್ನು ಒತ್ತಿ ಬರೆದ.

ನಾನು ಮೊದಲು ಮಾಡಿದ ಕೆಲಸ ದಿನಗಳನ್ನು ಎಣಿಸಿದ್ದು. ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಇಂಥ ಅಪರಾಧದಲ್ಲಿ 60 ದಿನಗಳೊಳಗೆ ಪೊಲೀಸರು ದೋಷಾರೋಪಣಾ ಪಟ್ಟಿ ಸಲ್ಲಿಸದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಬಿಡುಗಡೆ ಮಾಡಲೇಬೇಕು. ನಾಗರಿಕ ಸುರಕ್ಷಾ ಸಂಹಿತೆಯ 187(3)ನೆಯ ಕಲಂ ಹೇಳುವುದು ಇದನ್ನೇ. ಕೋರ್ಟಿನ ಆಡುಮಾತಿನಲ್ಲಿ ಇದಕ್ಕೆ ಡಿಫಾಲ್ಟ್ ಜಾಮೀನು ಎನ್ನುತ್ತೇವೆ. ಲೆಕ್ಕ ಶುರುವಾಗುವುದು ದಸ್ತಗಿರಿಯ ದಿನದಿಂದಲ್ಲ, ರಿಮ್ಯಾಂಡ್ ಆದ ದಿನದಿಂದ. ಆ ದಿನವನ್ನೂ ಸೇರಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಸ್ಪಷ್ಟಪಡಿಸಿದೆ. ಫೆಬ್ರವರಿ 2ರಿಂದ ಎಣಿಸಿದರೆ ಆ ತಿಂಗಳಲ್ಲಿ 27 ದಿನ, ಮಾರ್ಚಿನಲ್ಲಿ 31, ಏಪ್ರಿಲ್ 2ಕ್ಕೆ ಅರವತ್ತು ತುಂಬುತ್ತದೆ. ಏಪ್ರಿಲ್ 3 ಅವನ ಹಕ್ಕು ಹುಟ್ಟುವ ದಿನ. ಆ ದಿನಾಂಕವನ್ನು ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ.

ಅಷ್ಟರವರೆಗೆ ಕೈಕಟ್ಟಿ ಕೂರುವಂತಿರಲಿಲ್ಲ. ಸಾಮಾನ್ಯ ಜಾಮೀನಿಗೆ ಅರ್ಜಿ ಹಾಕಿದೆ. ಮಾರ್ಚ್ 24ರಂದು ಅದು ತಿರಸ್ಕೃತವಾಯಿತು. ತನಿಖೆ ಬಾಕಿಯಿದೆ, ಆರೋಪಿ ಹೊರ ಜಿಲ್ಲೆಯವನು, ತಲೆಮರೆಸಿಕೊಳ್ಳಬಹುದು ಎಂಬುದು ಕಾರಣ. ಸೆಷನ್ಸ್ ನ್ಯಾಯಾಲಯಕ್ಕೆ ಹೋದೆ, ಅಲ್ಲಿ ತಕರಾರು ಸಲ್ಲಿಸಲು ಪ್ರಾಸಿಕ್ಯೂಷನ್ನಿಗೆ ಏಪ್ರಿಲ್ 4ರವರೆಗೆ ಸಮಯ ಸಿಕ್ಕಿತು. ಹೊರ ಜಿಲ್ಲೆಯವನೆಂಬ ಕಾರಣವನ್ನು ನಾನು ಲೆಕ್ಕವಿಲ್ಲದಷ್ಟು ಆದೇಶಗಳಲ್ಲಿ ಓದಿದ್ದೇನೆ. ಕೂಲಿ ಅರಸಿ ಊರು ಬಿಟ್ಟವರಿಗೆ ಕೆಲಸ ಮಾಡುವ ಊರಿನಲ್ಲಿ ಮನೆಯಿರುವುದಿಲ್ಲ, ಮನೆಯಿರುವ ಊರಿನಲ್ಲಿ ಕೆಲಸವಿರುವುದಿಲ್ಲ. ಬಡತನವೇ ಇಲ್ಲಿ ಪರಾರಿಯಾಗುವ ಲಕ್ಷಣವಾಗಿ ದಾಖಲಾಗುತ್ತದೆ.

ಏಪ್ರಿಲ್ 2ರ ಸಂಜೆ ಐದೂವರೆಗೆ ಕೋರ್ಟಿನ ಕಚೇರಿಗೆ ಹೋಗಿ ದೋಷಾರೋಪಣಾ ಪಟ್ಟಿ ಬಂದಿದೆಯೇ ಎಂದು ಕೇಳಿದೆ. ಬಂದಿರಲಿಲ್ಲ. ರಾತ್ರಿಯೇ ಎರಡು ಪುಟದ ಅರ್ಜಿ ಬರೆದೆ. ಇದರಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ತಿಳಿಯದೆ ಎಷ್ಟೋ ಜನ ಈ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಅರವತ್ತು ದಿನ ಮುಗಿದಾಕ್ಷಣ ಜೈಲಿನ ಬಾಗಿಲು ತಾನಾಗಿ ತೆರೆಯುವುದಿಲ್ಲ, ಆರೋಪಿ ಕೇಳಬೇಕು. ಅವನು ಕೇಳುವ ಮೊದಲೇ ಪೊಲೀಸರು ಪಟ್ಟಿ ಸಲ್ಲಿಸಿಬಿಟ್ಟರೆ, ಅದು ಎಪ್ಪತ್ತನೆಯ ದಿನವೇ ಆಗಿರಲಿ, ಹಕ್ಕು ಹೋಯಿತು. ಅವನು ಕೇಳಿದ ಮೇಲೆ ಪಟ್ಟಿ ಬಂದರೆ ಮಾತ್ರ ಹಕ್ಕು ಉಳಿಯುತ್ತದೆ. ಜೈಲಿನೊಳಗಿರುವ, ಕಾನೂನು ಗೊತ್ತಿಲ್ಲದ ಮನುಷ್ಯ ಸರಿಯಾಗಿ ಆ ದಿನವೇ, ಆ ಹೊತ್ತಿಗೇ ಕೇಳುವುದು ಹೇಗೆ? ಅವನ ಪರವಾಗಿ ದಿನ ಎಣಿಸುವವರು ಹೊರಗೆ ಇರಬೇಕು. ಅಸ್ಸಾಂ ರಾಜ್ಯದ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಯನ್ನು ಬಾಯಿಮಾತಿನಲ್ಲಿ ಮಾಡಿದರೂ ಸಾಕು ಎಂದಿದೆ. ಆದರೂ ನಾನು ಬರಹದಲ್ಲೇ ಕೊಡುತ್ತೇನೆ, ಏಕೆಂದರೆ ಬಾಯಿಮಾತಿಗೆ ಮೊಹರು ಬೀಳುವುದಿಲ್ಲ.

ಏಪ್ರಿಲ್ 3ರ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ಕಿಟಕಿಯ ಮುಂದೆ ನಿಂತಿದ್ದೆ. ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ತಾರೀಕಿನ ಮೊಹರಿನ ಜೊತೆಗೆ ಹೊತ್ತನ್ನೂ ಬರೆದುಕೊಡಬೇಕೆಂದು ಕೇಳಿಕೊಂಡೆ. ಗುಮಾಸ್ತರು ನನ್ನ ಮುಖವನ್ನೊಮ್ಮೆ ನೋಡಿ, ಮೊಹರಿನ ಪಕ್ಕದಲ್ಲಿ '10.40' ಎಂದು ಬರೆದು ಚಿಕ್ಕ ಸಹಿ ಹಾಕಿದರು. ಅಂದು ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಪೊಲೀಸ್ ಪೇದೆಯೊಬ್ಬರು ದೋಷಾರೋಪಣಾ ಪಟ್ಟಿಯ ಕಟ್ಟನ್ನು ಹಿಡಿದು ಅದೇ ಕಿಟಕಿಗೆ ಬಂದರು. ಪ್ರಾಸಿಕ್ಯೂಟರು, ಪಟ್ಟಿ ಈಗ ದಾಖಲಾಗಿದೆ, ಅರ್ಜಿ ನಿಲ್ಲುವುದಿಲ್ಲ ಎಂದು ವಾದಿಸಿದರು. ಅರ್ಜಿ ಮೊದಲು ಬಂದಿದ್ದರೆ ಆಮೇಲೆ ಬಂದ ಪಟ್ಟಿಯಿಂದ ಹಕ್ಕು ಹೋಗುವುದಿಲ್ಲ ಎನ್ನುವ 2020ರ ರವೀಂದ್ರನ್ ಪ್ರಕರಣದ ತೀರ್ಪನ್ನು ಮುಂದಿಟ್ಟು, ನನ್ನ ಪ್ರತಿಯ ಮೇಲಿದ್ದ ಆ ನಾಲ್ಕು ಅಂಕಿಗಳನ್ನು ತೋರಿಸಿದೆ. ಏಪ್ರಿಲ್ 5ರಂದು ಜಾಮೀನು ಮಂಜೂರಾಯಿತು.

ಆದೇಶದ ಕೊನೆಯ ಸಾಲು ಹೀಗಿತ್ತು: 50,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ. ಅವನಿಗೆ ದಿನಕ್ಕೆ 700 ರೂಪಾಯಿ ಕೂಲಿ. ಈ ಊರಿನಲ್ಲಿ ಅವನಿಗೆ ಗೊತ್ತಿದ್ದವರು ಜೊತೆಗೆ ಶೆಡ್ಡಿನಲ್ಲಿ ಮಲಗುತ್ತಿದ್ದ ನಾಲ್ಕು ಜನ, ಅವರ ಹೆಸರಿನಲ್ಲಿ ಒಂದು ಗೇಣು ಭೂಮಿಯೂ ಇಲ್ಲಿರಲಿಲ್ಲ. ಕೋರ್ಟಿನ ಗೇಟಿನ ಹೊರಗೆ ಪಹಣಿ ಹಿಡಿದು ನಿಲ್ಲುವ ಬಾಡಿಗೆ ಜಾಮೀನುದಾರರಿದ್ದಾರೆ, ಮೊತ್ತ ನೋಡಿ ದರ ಹೇಳುತ್ತಾರೆ. ಶೆಡ್ಡಿನ ಗೆಳೆಯರು ಚಂದಾ ಎತ್ತಿ ಅವರಲ್ಲಿಗೆ ಹೋಗಲು ಸಿದ್ಧರಾಗಿದ್ದರು. ನಾನು ತಡೆದೆ. ನಕಲಿ ದಾಖಲೆ ಸಿಕ್ಕಿಬಿದ್ದರೆ ಜಾಮೀನು ರದ್ದಾಗುವುದಷ್ಟೇ ಅಲ್ಲ, ಹೊಸ ಕೇಸೂ ಬೀಳುತ್ತದೆ. ಅತ್ತ, ಡಿಫಾಲ್ಟ್ ಜಾಮೀನಿನಲ್ಲಿ ಕೋರ್ಟು ಕೊಟ್ಟ ಗಡುವಿನೊಳಗೆ ಷರತ್ತು ಪೂರೈಸದಿದ್ದರೆ ಬಂಧನ ಮುಂದುವರಿಯುವುದೇ ಕಾನೂನುಬದ್ಧವಾಗುತ್ತದೆ. ಗೆದ್ದ ಆದೇಶ ಕೈಯಲ್ಲಿದ್ದರೂ ನನಗೆ ಆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಏಪ್ರಿಲ್ 7ರಂದು ಷರತ್ತು ಸಡಿಲಿಸಲು ಅರ್ಜಿ ಹಾಕಿದೆ. ಅದರಲ್ಲಿ ನಾನು ಮುಖ್ಯವಾಗಿ ಆಧರಿಸಿದ್ದು 1978ರ ಮೋತಿ ರಾಮ್ ಪ್ರಕರಣವನ್ನು. ಮೋತಿ ರಾಮ್ ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನು. ಸುಪ್ರೀಂ ಕೋರ್ಟು ಜಾಮೀನು ಕೊಟ್ಟರೂ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಅವನ ಸಹೋದರ ಜಾಮೀನಿಗೆ ನಿಂತಾಗ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿದೆ ಎಂದು ನಿರಾಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ಮೊತ್ತವನ್ನು 1,000 ರೂಪಾಯಿಗೆ ಇಳಿಸಿ, ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ಜಾಮೀನುದಾರನನ್ನು ತಳ್ಳಿಹಾಕುವಂತಿಲ್ಲ ಎಂದರು. ಅದೇ ಕಸುಬಿನ ಇನ್ನೊಬ್ಬನಿಗಾಗಿ, ಅದೇ ಅಡ್ಡಿಯ ವಿರುದ್ಧ, 47 ವರ್ಷಗಳ ನಂತರ ನಾನು ಅದೇ ತೀರ್ಪನ್ನು ಓದಿ ಹೇಳಬೇಕಾಯಿತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನಗಳನ್ನೂ ಲಗತ್ತಿಸಿದೆ. ಜಾಮೀನು ಸಿಕ್ಕ ಏಳು ದಿನಗಳೊಳಗೆ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ಕೋರ್ಟು ತಾನೇ ಷರತ್ತನ್ನು ಮರುಪರಿಶೀಲಿಸಬಹುದು, ಸ್ಥಳೀಯ ಜಾಮೀನುದಾರನೇ ಬೇಕೆಂಬುದು ಬಿಡುಗಡೆ ತಡವಾಗಲು ಒಂದು ಕಾರಣ ಎಂದೆಲ್ಲ ಅದರಲ್ಲಿದೆ. ಮರುದಿನ ಮ್ಯಾಜಿಸ್ಟ್ರೇಟರು ಮೊತ್ತವನ್ನು 20,000ಕ್ಕೆ ಇಳಿಸಿ 'ಸ್ಥಳೀಯ' ಎಂಬ ಪದವನ್ನು ತೆಗೆದುಹಾಕಿದರು. ಅವರು ಕಡತವನ್ನು ಪೂರ್ತಿ ಓದಿಕೊಂಡು ಬಂದಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಹುಡುಗನ ಸೋದರಮಾವನ ಹೆಸರಿನಲ್ಲಿ ಊರಿನಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ಒಣ ಭೂಮಿ ಇತ್ತು. ಫೋನಿನಲ್ಲಿ ಪಹಣಿ, ಆಧಾರ್, ಎರಡು ಫೋಟೊ ತರಲು ಹೇಳಿದೆ. ಅವರು 9ರ ರಾತ್ರಿಯೇ ಬಸ್ಸು ಹತ್ತಿ 10ರ ಬೆಳಗ್ಗೆ ಬಂದಿಳಿದರು. ಅಂದು ಮಹಾವೀರ ಜಯಂತಿ, ಕೋರ್ಟಿಗೆ ರಜೆ. ಆ ರಜೆಯನ್ನು ಅವರಿಗೆ ಹೇಳಲು ಮರೆತದ್ದು ನನ್ನ ತಪ್ಪು, ಅದರ ಬೆಲೆಯಾಗಿ ಆ ಹಿರಿಯರು ಒಂದು ದಿನದ ಕೂಲಿಯನ್ನೂ ಒಂದು ರಾತ್ರಿಯನ್ನೂ ಕಳೆದುಕೊಂಡರು. ನಾನು ಕ್ಷಮೆ ಕೇಳಿದಾಗ, 'ಇರ್ಲಿ ಬಿಡವಾ, ಹುಡುಗ ಹೊರಗ ಬಂದ್ರ ಸಾಕು' ಎಂದರು. 11ರಂದು ಕಟಕಟೆಯಲ್ಲಿ ನಿಂತು, ಜಮೀನು ತಮ್ಮದೇ, ಬೇರೆ ಯಾರಿಗೂ ಜಾಮೀನಾಗಿ ನಿಂತಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು. ಸಂಜೆ ಬಿಡುಗಡೆ ಆದೇಶ ಜೈಲಿಗೆ ಹೋಯಿತು. ರಿಮ್ಯಾಂಡಿನ ಅರವತ್ತೊಂಬತ್ತನೆಯ ದಿನ ಅವನು ಹೊರಬಂದ.

ಹೊರಗಿರುವ ಆರೋಪಿ ತನ್ನ ಪ್ರತಿವಾದದಲ್ಲಿ ಪಾಲುಗೊಳ್ಳಬಲ್ಲ, ಒಳಗಿರುವವನಿಗೆ ಅದು ಸಾಧ್ಯವಿಲ್ಲ. ಇದು ನನಗೆ ವಿಚಾರಣೆಯ ಹೊತ್ತಿಗೆ ಮನವರಿಕೆಯಾಯಿತು. ದೋಷಾರೋಪಣಾ ಪಟ್ಟಿಯ ಉಚಿತ ಪ್ರತಿ ಸಿಕ್ಕ ಮೇಲೆ ನಾವಿಬ್ಬರೂ ಕಚೇರಿಯಲ್ಲಿ ಕುಳಿತು ಅದನ್ನು ಸಾಲು ಸಾಲಾಗಿ ಓದಿದೆವು. ಪ್ರಕರಣವೆಲ್ಲ ನಿಂತಿದ್ದುದು ಒಂದು ಜಪ್ತಿ ಮಹಜರಿನ ಮೇಲೆ: ಫೆಬ್ರವರಿ 1ರ ರಾತ್ರಿ 8ರಿಂದ 9.30ರವರೆಗೆ, ಆರೋಪಿಯೇ ತೋರಿಸಿದ ಕೆರೆ ಏರಿಯ ಪೊದೆಯಿಂದ, ಇಬ್ಬರು ಪಂಚರ ಸಮಕ್ಷಮ ತಂತಿ ವಶಪಡಿಸಿಕೊಳ್ಳಲಾಯಿತು ಎಂದು. ಪಂಚರ ಹೆಸರು ಓದುತ್ತಿದ್ದಂತೆ ಅವನು ತಡೆದ. 'ಇವ ನಮ್ಮ ಸೈಟಿಗೆ ನೀರಿನ ಟ್ಯಾಂಕರ್ ತರ್ತಿದ್ದವ ಅಲ್ರೀ? ಮಾಲೀಕರ ಟ್ಯಾಂಕರು ಅದು.' ಆ ಮಾತು ಯಾವ ದಾಖಲೆಯಲ್ಲೂ ಇರಲಿಲ್ಲ. ಅಲ್ಲಿ ಪಂಚನ ಉದ್ಯೋಗ 'ವ್ಯಾಪಾರ' ಎಂದಿತ್ತು. ಉಚಿತ ವಕೀಲರಿಗೆ ಸ್ವತಂತ್ರ ತನಿಖೆ ಮಾಡಿಸಲು ಹಣವಿಲ್ಲ, ಆಳಿಲ್ಲ. ಸಿಗುವ ಸುಳಿವೆಲ್ಲ ಆರೋಪಿಯ ಬಾಯಲ್ಲೇ ಇರುತ್ತದೆ, ಅವನ ಜೊತೆ ಕೂರಲು ಸಮಯ ಮಾಡಿಕೊಳ್ಳದಿದ್ದರೆ ಅದು ಅಲ್ಲೇ ಉಳಿದುಬಿಡುತ್ತದೆ. ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣದಲ್ಲಿ ನೇಮಕವಾದ ದಿನವೇ ವಕೀಲರು ದೋಷಾರೋಪ ಹೊರಿಸುವ ಹಂತವನ್ನು ಎದುರಿಸಬೇಕಾಯಿತು, ಹದಿನೈದು ದಿನ ಕಳೆಯುವುದರೊಳಗೆ ಮರಣದಂಡನೆ ಬಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು, ಮರಣದಂಡನೆ ಅಥವಾ ಜೀವಾವಧಿಯ ಸಾಧ್ಯತೆಯಿರುವ ಕೇಸುಗಳಲ್ಲಿ ಸಿದ್ಧತೆಗೆ ಕನಿಷ್ಠ ಏಳು ದಿನ ಕೊಡಬೇಕೆಂದಿತು. ಸಣ್ಣ ಕಳವಿನ ಕೇಸಿಗೆ ಅಂಥ ಕನಿಷ್ಠ ಅವಧಿಯೂ ಇಲ್ಲ, ಅಲ್ಲಿ ವಕೀಲರ ಆತ್ಮಸಾಕ್ಷಿಯೇ ಅಳತೆ.

ಡಿಸೆಂಬರಿನಲ್ಲಿ ಆ ಪಂಚ ಸಾಕ್ಷಿ ಹೇಳಲು ಬಂದರು. ಪಾಟೀಸವಾಲಿನಲ್ಲಿ ನಾನು ಕೇಳಿದ್ದು ಕೆಲವೇ ಪ್ರಶ್ನೆ. ಟ್ಯಾಂಕರು ಯಾರದು ಎಂದು ಕೇಳಿದೆ, ದೂರುದಾರರದು ಎಂದರು. ರಾತ್ರಿ ಎಂಟು ಗಂಟೆಗೆ ಏರಿಯ ಮೇಲೆ ಯಾವ ಬೆಳಕಿನಲ್ಲಿ ಬರೆದರು ಎಂದು ಕೇಳಿದೆ. ಮಹಜರಿನಲ್ಲಿ ದೀಪದ, ಟಾರ್ಚಿನ ಉಲ್ಲೇಖವೇ ಇರಲಿಲ್ಲ, ಬರವಣಿಗೆಯೋ ಗೆರೆ ಎಳೆದಂತೆ ನೇರವಾಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನು ಸಹಿ ಮಾಡಿದ್ದು ಸ್ಟೇಷನ್ನಿನಲ್ಲಿ' ಎಂದರು. ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಂ ಹೇಳುತ್ತದೆ. ಆ ರಾತ್ರಿಯ ವಿಡಿಯೊ ಕಡತದಲ್ಲಿಲ್ಲ, ಅದನ್ನು ಹಾಜರುಪಡಿಸುವಂತೆ ಕೋರಿ ಅರ್ಜಿ ಹಾಕಿದ್ದೇನೆ. ತನಿಖಾಧಿಕಾರಿಯ ವಿಚಾರಣೆ ಇನ್ನೂ ಬಾಕಿಯಿದೆ.

ಪ್ರತಿ ದಿನಾಂಕದ ಹಿಂದಿನ ಸಂಜೆ ಅವನ ಫೋನು ಬರುತ್ತದೆ. 'ನಾಳೆ ಕೇಸು ಖರೇನ ನಡೀತದೇನ್ರೀ ಮೇಡಂ, ಇಲ್ಲಾ ಮುಂದಕ್ಕ ಹೋಗ್ತದೋ? ಮೇಸ್ತ್ರಿಗೆ ಹೇಳಬೇಕು.' ಅವನು ಬರಲೇಬೇಕು ಎಂಬುದು ಜಾಮೀನಿನ ಷರತ್ತು. ಬಂದ ದಿನ 700 ರೂಪಾಯಿ ಹೋಗುತ್ತದೆ, ಅದನ್ನು ತುಂಬಿಕೊಡುವ ಯಾವ ಯೋಜನೆಯೂ ನನ್ನ ಕೈಯಲ್ಲಿಲ್ಲ. ಸಾಕ್ಷಿಗೆ ಸಮನ್ಸು ಜಾರಿಯಾಗಿದೆಯೇ ಎಂದು ಬೆಂಚ್ ಗುಮಾಸ್ತರನ್ನು ಕೇಳಿ ಅವನಿಗೆ ತಿಳಿಸುತ್ತೇನೆ. ತನಿಖಾಧಿಕಾರಿಗೆ ಸಮನ್ಸು ಜಾರಿಯಾಗದೆ ಕಳೆದ ಎರಡು ದಿನಾಂಕಗಳು ಹಾಗೇ ಹೋದವು. ಎರಡು ಸಲವೂ ಅವನು ಬಂದು, ಬಾಗಿಲ ಬಳಿ ನಿಂತು, ಹೆಸರು ಕೂಗಿದಾಗ ಕೈಯೆತ್ತಿ ಹೋದ.